ಲಗ್ನಪತ್ರಿಕೆಯ ಕೆಳಗೆ ಯಾರ ಹೆಸರು?

ನಮ್ಮದು ಇನ್ನೂ ಭಾಗವಾಗದ ಮನೆ. ತಿಪಟೂರಿನ ಕಡೆ, ತೆಂಗಿನ ತೋಟವನ್ನೇ ನಂಬಿದ ಹಳ್ಳಿ. ಮೂವರು ಅಣ್ಣತಮ್ಮಂದಿರ ಸಂಸಾರಕ್ಕೆ ಒಂದೇ ಪಡಿತರ ಚೀಟಿ ಇಲ್ಲದಿದ್ದರೂ, ಊರವರ ಲೆಕ್ಕಕ್ಕೆ ಒಂದೇ ಮನೆ, ಕರೆಯುವಾಗ ಒಂದೇ ಕರೆ. ಇಂಥ ಮನೆಯಲ್ಲಿ 2023ರ ಮೇ ತಿಂಗಳಲ್ಲಿ ನನ್ನ ದೊಡ್ಡಪ್ಪನ ಮಗಳ ಮದುವೆ ನಡೆಯಿತು. ನಾನಾಗ ಬಿ.ಎ. ಮೊದಲನೆಯ ವರ್ಷದಲ್ಲಿದ್ದೆ, ಐಚ್ಛಿಕ ಕನ್ನಡ ಓದುತ್ತಿದ್ದೇನೆಂಬ ಒಂದೇ ಕಾರಣದಿಂದ ಲಗ್ನಪತ್ರಿಕೆಯನ್ನು ಬರೆದುಕೊಡುವ ಕೆಲಸ ನನ್ನ ತಲೆಗೆ ಬಂತು. "ಕನ್ನಡ ಓದ್ತೀಯಲ್ಲ, ಹತ್ತು ಸಾಲು ಬರಿ" ಎಂದರು ಅಪ್ಪ. ಹತ್ತು ಸಾಲು ಬರೆಯಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನದಲ್ಲಿ ನಾನು ಕಂಡುಕೊಂಡದ್ದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಮನೆಯವರ ಹೆಸರನ್ನು ಅಚ್ಚಿನಲ್ಲಿ ತರುವುದಕ್ಕೆ ಅವರ ಒಪ್ಪಿಗೆಯಿಲ್ಲವಾದ್ದರಿಂದ ಎಲ್ಲರನ್ನೂ ಸಂಬಂಧದಿಂದಲೇ ಕರೆಯುತ್ತೇನೆ. ಹೇಗೂ ಕಾರ್ಡಿನ ಜಗಳವೆಲ್ಲ ಸಂಬಂಧದ ಜಗಳವೇ.

ಮೊದಲು ಮನೆಯ ಚಿತ್ರ. ಅಜ್ಜ ತೀರಿಕೊಂಡು ಬಹಳ ವರ್ಷಗಳಾಗಿವೆ. ಮದುವೆಯ ಕಾಲಕ್ಕೆ ಅಜ್ಜಿ ಇದ್ದರು, ಎಂಬತ್ತು ದಾಟಿದ್ದರು. ಅವರ ಹಿರಿಯ ಮಗ, ಎಂದರೆ ವಧುವಿನ ತಂದೆಯಾದ ನಮ್ಮ ದೊಡ್ಡಪ್ಪ, 2018ರಲ್ಲಿ ತೀರಿಕೊಂಡರು. ದೊಡ್ಡಮ್ಮ ಇದ್ದಾರೆ. ಅವರಿಗೆ ಇಬ್ಬರು ಮಕ್ಕಳು. ಮದುವೆಯಾಗಬೇಕಾಗಿದ್ದ ಅಕ್ಕ, ಅವಳಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನಾದ ಅಣ್ಣ. ಎರಡನೆಯವರು ನಮ್ಮಪ್ಪ, ದೊಡ್ಡಪ್ಪ ಹೋದ ಮೇಲೆ ತೋಟದ ಯಜಮಾನಿಕೆ ಅವರದೇ. ಮೂರನೆಯವರು ಚಿಕ್ಕಪ್ಪ, ಬೆಂಗಳೂರಿನಲ್ಲಿ ನೌಕರಿ. ಕಲ್ಯಾಣಮಂಟಪದ ಬಾಡಿಗೆ ಕೊಟ್ಟವರು ಅವರು. ಈ ಮಾತನ್ನು ಇಲ್ಲೇ ಹೇಳಿಬಿಟ್ಟೆ, ಮುಂದೆ ಬೇಕಾಗುತ್ತದೆ.

ತಂದೆತಾಯಿ ಇಬ್ಬರೂ ಇರುವ ಹುಡುಗಿಯ ಕಾರ್ಡಿಗೆ ಹೆಚ್ಚು ಯೋಚನೆ ಬೇಕಿಲ್ಲ. ತಂದೆ ಸಹಿ ಮಾಡುತ್ತಾನೆ, 'ನನ್ನ ಪುತ್ರಿ' ಎನ್ನುತ್ತಾನೆ, ಕೆಳಗೆ ಮನೆಯವರು ಬರುತ್ತಾರೆ. ತಂದೆಯಿಲ್ಲದ ಹುಡುಗಿಯನ್ನು ಅವಿಭಕ್ತ ಕುಟುಂಬವೊಂದು ಧಾರೆಯೆರೆದು ಕೊಡುವಾಗಲೇ ನಿಜವಾದ ಪ್ರಶ್ನೆ ಹುಟ್ಟುವುದು. ಕರೆಯುವವರು ಯಾರು? ಅಜ್ಜಿಯೇ, ತಾಯಿಯೇ, ಯಜಮಾನಿಕೆ ನೋಡುವ ಚಿಕ್ಕಪ್ಪನೇ, ತಮ್ಮನೇ? ನಾಲ್ವರಿಗೂ ಒಂದೊಂದು ಹಕ್ಕಿದೆ. ಕಾಗದದಲ್ಲಿ ಜಾಗ ಮಾತ್ರ ಒಂದೇ.

ನಾನು ಮೊದಲು ಹೋದದ್ದು ಮುದ್ರಣಾಲಯಕ್ಕೆ. ಚುನಾವಣೆಯ ಕಾಲ. ಮೇ 10ಕ್ಕೆ ವಿಧಾನಸಭೆಯ ಮತದಾನವಿದ್ದುದರಿಂದ ಅಲ್ಲಿ ಕರಪತ್ರಗಳ ರಾಶಿ ಬಿದ್ದಿತ್ತು. ಮದುವೆಯ ಕಾರ್ಡಿಗೆ ತಲೆಯೆತ್ತಿ ನೋಡುವವರಿರಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗ ಸಿದ್ಧವಾದ ಒಂದು ಒಕ್ಕಣೆಯನ್ನು ತೆರೆದು, "ಹೆಸರು ಹೇಳಿ ಮೇಡಂ, ತುಂಬ್ತೀನಿ" ಎಂದ. ಕೆಳಗೆ ಅಪ್ಪನ ಹೆಸರನ್ನೂ ಚಿಕ್ಕಪ್ಪನ ಹೆಸರನ್ನೂ ಹೇಳಿದೆ. ಸಂಜೆಗೆ ಬಂದ ಕರಡಿನಲ್ಲಿ ಹೀಗಿತ್ತು: ಶಾಲಿವಾಹನ ಶಕ 1945ನೆಯ ಶೋಭಕೃತ್ ನಾಮ ಸಂವತ್ಸರದ ಇಂಥ ತಿಥಿಯಲ್ಲಿ 'ನಮ್ಮ ಜ್ಯೇಷ್ಠ ಪುತ್ರಿ ಚಿ|| ಸೌ||' ಎಂದು ಅಕ್ಕನ ಹೆಸರು, ಕೊನೆಯಲ್ಲಿ ಅಪ್ಪ, ಅವರ ಕೆಳಗೆ ಚಿಕ್ಕಪ್ಪ. ಅಕ್ಕ ಅದನ್ನು ಓದಿ, "ನನಗೆ ಇಬ್ಬರು ಅಪ್ಪಂದಿರಾದರಲ್ಲೇ" ಎಂದು ನಕ್ಕಳು. ನಕ್ಕವಳು ಎದ್ದು ಹೋಗಿ ಹಿತ್ತಲಲ್ಲಿ ನಿಂತಳು. ಅವಳ ನಿಜವಾದ ಅಪ್ಪನ ಹೆಸರು ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ.

ಇದು ಮುದ್ರಣಾಲಯದ ಹುಡುಗನ ತಪ್ಪಲ್ಲ. ಲಗ್ನಪತ್ರಿಕೆ ಒಂದು ಪ್ರಕಟಣೆಯೆಂದು ನಾವು ತಿಳಿಯುತ್ತೇವೆ. ಅದು ಪ್ರಕಟಣೆಯಲ್ಲ, ಕಾಗದ. ಒಬ್ಬರು ಇನ್ನೊಬ್ಬರಿಗೆ ಬರೆದ ಕಾಗದ. ಕಾಗದದೊಳಗಿನ 'ನನ್ನ' ಎಂಬ ಮಾತು ಕೆಳಗೆ ಸಹಿ ಮಾಡಿದವರ ಬಾಯಿಯ ಮಾತಾಗಿರಬೇಕು. ಸಹಿ ಬದಲಾದರೆ ಒಕ್ಕಣೆಯೂ ಬದಲಾಗಬೇಕು. ಅಜ್ಜಿ ಸಹಿ ಮಾಡಿದರೆ ವಧು 'ನನ್ನ ಮೊಮ್ಮಗಳು'. ಅಪ್ಪ ಸಹಿ ಮಾಡಿದರೆ 'ನನ್ನ ಅಣ್ಣನ ಮಗಳು'. ಅಣ್ಣ ಸಹಿ ಮಾಡಿದರೆ 'ನನ್ನ ಅಕ್ಕ'. ಅಚ್ಚಿಗೆ ಹೋಗುವ ಮೊದಲು ಇದನ್ನು ಪರೀಕ್ಷಿಸುವ ಉಪಾಯವೂ ಸುಲಭ. ಮೊದಲ ಹೆಸರಿನವರನ್ನು ಕೂರಿಸಿ ಕಾರ್ಡನ್ನು ಗಟ್ಟಿಯಾಗಿ ಓದಿಸಬೇಕು. ಓದು ಬಾರದವರಾದರೆ ನಾವು ಓದಿ ಕೇಳಿಸಬೇಕು. ಎಲ್ಲಿ ಅವರು ತಡವರಿಸುತ್ತಾರೋ ಅಲ್ಲಿ ಸುಳ್ಳಿದೆ.

ಅಣ್ಣ ಸಹಿ ಮಾಡಬಹುದಲ್ಲ ಎಂದು ಕೆಲವರು ಸೂಚಿಸಿದರು. ಗಂಡುಮಗ, ತಂದೆಯ ಸ್ಥಾನದಲ್ಲಿ ನಿಲ್ಲುವವನು. ಆದರೆ ಅಲ್ಲಿ ಒಂದು ತೊಡಕು ಇದೆ. 'ಚಿರಂಜೀವಿ' ಎಂಬುದು ಹಿರಿಯರು ಕಿರಿಯರಿಗೆ ಮಾಡುವ ಹರಕೆ. ಹೆಸರಿನ ಹಿಂದೆ 'ಚಿ||' ಹಾಕಬೇಕಾದರೆ ಹಾಕುವವರು ವಯಸ್ಸಿನಲ್ಲಿ ದೊಡ್ಡವರಿರಬೇಕು. ತಮ್ಮನಾದವನು ಅಕ್ಕನ ಹೆಸರಿಗೆ 'ಚಿ||' ಸೇರಿಸಿದರೆ ಅವಳನ್ನು ಆಶೀರ್ವದಿಸಿದ ಹಾಗಾಗುತ್ತದೆ. ಈಗ ಇಷ್ಟು ಸೂಕ್ಷ್ಮವನ್ನು ಯಾರು ನೋಡುತ್ತಾರೆ ಎನ್ನಬಹುದು. ನೋಡುವವರು ಊರಿಗೆ ಇಬ್ಬರು ಇದ್ದೇ ಇರುತ್ತಾರೆ. ಅವರಿಗೆ ಬೇರೆ ಕೆಲಸವಿರುವುದಿಲ್ಲ. ಇದೇ ಜಾತಿಯ ಇನ್ನೊಂದು ಮಾತು: ಸಹಿ ಮಾಡುವವರು ತಮ್ಮ ಹೆಸರಿಗೆ ತಾವೇ 'ಶ್ರೀ' ಎಂದು ಹಾಕಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಶ್ರೀಕಾರ ಕರೆಸಿಕೊಳ್ಳುವವರಿಗೆ, ಕರೆಯುವವರಿಗಲ್ಲ.

ಎರಡನೆಯ ಕರಡು ಅಪ್ಪನದು. 'ನನ್ನ ಅಣ್ಣನವರಾದ ದಿವಂಗತ' ಎಂದು ದೊಡ್ಡಪ್ಪನ ಹೆಸರು, 'ಅವರ ಪುತ್ರಿ' ಎಂದು ಅಕ್ಕನ ಹೆಸರು, ಕೊನೆಗೆ ಅಪ್ಪನ ಸಹಿ. ವ್ಯಾಕರಣ ಸರಿಯಾಯಿತು. ತೀರಿಕೊಂಡವರ ಹೆಸರೂ ಅದಿರಬೇಕಾದ ಕಡೆ ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಎಡವುವವರು ಹಲವರು. ಕಾರ್ಡಿನಲ್ಲಿ ಹೆಸರುಗಳಿಗೆ ಎರಡು ಜಾಗಗಳಿವೆ. ನಡುವೆ ವಧೂವರರ ಪರಿಚಯ ಹೇಳುವ ಸಾಲು ಒಂದು; ಕೊನೆಯಲ್ಲಿ ಕರೆಯುವವರ ಸಾಲು ಇನ್ನೊಂದು. ತೀರಿಕೊಂಡವರು ಪರಿಚಯದ ಸಾಲಿನಲ್ಲಿ ಬರಬಹುದು, ಬರಲೇಬೇಕು. ಕರೆಯುವವರ ಸಾಲಿನಲ್ಲಿ ಬರುವಂತಿಲ್ಲ. 'ಸುಖಾಗಮನಾಭಿಲಾಷಿಗಳು' ಎಂದು ಬರೆದು, ಗೌರವವೆಂದು ಮೊದಲಿಗೆ ದಿವಂಗತ ಅಜ್ಜನ ಹೆಸರನ್ನು ಅಚ್ಚು ಹಾಕಿಸಿದ ಕಾರ್ಡೊಂದನ್ನು ನಾನು ಕಂಡಿದ್ದೇನೆ. ಆಗಮನವನ್ನು ಬಯಸುವವರು ಎಂದು ಆ ಮಾತಿನ ಅರ್ಥ. ಸ್ವರ್ಗದಲ್ಲಿರುವವರು ನಮ್ಮ ಆಗಮನವನ್ನು ಬಯಸುವುದು ಅಷ್ಟು ಮಂಗಳಕರವಾದ ವಿಷಯವಲ್ಲ. 'ದಿವಂಗತ' ಎನ್ನಬೇಕೇ, 'ವೈಕುಂಠವಾಸಿ', 'ಕೈಲಾಸವಾಸಿ', 'ಲಿಂಗೈಕ್ಯ' ಎನ್ನಬೇಕೇ ಎಂಬುದು ಮನೆಮನೆಯ ಸಂಪ್ರದಾಯಕ್ಕೆ ಬಿಟ್ಟದ್ದು. ಯಾವುದೇ ಇರಲಿ, ಸತ್ತವರ ಹೆಸರಿಗೆ ಆ ಗುರುತು ಇರಲೇಬೇಕು, ಇಲ್ಲದಿದ್ದರೆ ದೂರದ ನೆಂಟರು ಬಂದು "ಯಜಮಾನರು ಎಲ್ಲಿ?" ಎಂದು ಕೇಳಿ ಎಲ್ಲರನ್ನೂ ಅಳಿಸುತ್ತಾರೆ.

ಅಪ್ಪನ ಕರಡಿನಲ್ಲಿ ಒಂದೇ ಕೊರತೆ: ದೊಡ್ಡಮ್ಮ ಇರಲಿಲ್ಲ. ಪರಿಚಯದ ಸಾಲಿನಲ್ಲಿಯೂ ಇಲ್ಲ, ಕೆಳಗೂ ಇಲ್ಲ. ಕೆಳಗಿನ ಪಟ್ಟಿಯಲ್ಲಿ ಅಜ್ಜಿಯ ಹೆಸರಿತ್ತು, ನಮ್ಮಮ್ಮನ ಹೆಸರಿತ್ತು, ಚಿಕ್ಕಮ್ಮನ ಹೆಸರಿತ್ತು. ಹಡೆದ ತಾಯಿಯ ಹೆಸರಿರಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ, ರೂಢಿಯೇ ಬಿಡಿಸಿತ್ತು. ದೊಡ್ಡಮ್ಮನನ್ನು ಕೇಳಿದರೆ, "ಮಂಗಳಕಾರ್ಯ ಕಣವ್ವ, ನನ್ ಹೆಸರು ಯಾಕೆ? ಮಗು ಚೆನ್ನಾಗಿದ್ರೆ ಸಾಕು" ಎಂದರು. ಅವರು ಹಾಗೆನ್ನುವುದು ನಮಗೆ ಅನುಕೂಲವಾಗಿತ್ತು. ಆದುದರಿಂದ ಎಲ್ಲರೂ ನಂಬಿದೆವು.

ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿ ಆಗ ಬಾಯಿ ಬಿಟ್ಟರು. "ನಾನೂ ಗಂಡನ್ನ ಕಳಕೊಂಡೋಳೇ, ಅವಳೂ ಕಳಕೊಂಡೋಳೇ. ನನ್ ಹೆಸರಾದ್ರೆ ಹಿರೇರ ಹೆಸರು, ಅವಳ ಹೆಸರಾದ್ರೆ ಅಪಶಕುನವೇನೋ?" ಎಂದು ಅಪ್ಪನನ್ನು ಕೇಳಿದರು. ಅಪ್ಪನಿಗೆ ಉತ್ತರ ಹೊಳೆಯಲಿಲ್ಲ. ನಾನು ಮೂರು ವರ್ಷ ತರ್ಕವನ್ನೋದಿದರೂ ಇಷ್ಟು ನೇರವಾದ ಪ್ರಶ್ನೆಯನ್ನು ಕೇಳಲಾರೆ. ಅಜ್ಜಿಯ ಹೆಸರನ್ನು ಪಟ್ಟಿಯ ನೆತ್ತಿಯ ಮೇಲೆ ಹಾಕಲು ಯಾರಿಗೂ ಕ್ಷಣಮಾತ್ರದ ಅನುಮಾನವೂ ಬಂದಿರಲಿಲ್ಲ. ಹಾಗಾದರೆ ತಡೆದದ್ದು ಶಾಸ್ತ್ರವಲ್ಲ.

ಈ ವಿಷಯದಲ್ಲಿ ಕಾರ್ಡಿನ ಅಕ್ಷರಗಳೂ ಮೌನವಾಗಿ ಕೆಲಸ ಮಾಡುತ್ತವೆ. ಪಟ್ಟಿಯಲ್ಲಿ ಗಂಡನಿರುವ ಹೆಂಗಸರಿಗೆಲ್ಲ 'ಸೌ||' ಎಂದು ಹಾಕಿದರೆ, ಅದು ಇಲ್ಲದ ಹೆಸರು ತಾನಾಗಿಯೇ ಗುರುತಾಗುತ್ತದೆ. ಸೌಭಾಗ್ಯವನ್ನು ಒಬ್ಬರಿಗೆ ಬರೆದು ಇನ್ನೊಬ್ಬರಿಗೆ ಬರೆಯದಿರುವುದು ಅವರ ದುಃಖವನ್ನು ಆರುನೂರು ಪ್ರತಿ ಅಚ್ಚು ಹಾಕಿಸಿ ಹಂಚಿದಂತೆ. ಎಲ್ಲರಿಗೂ 'ಶ್ರೀಮತಿ' ಎಂದು ಬರೆದರೆ ಈ ಭೇದವಿಲ್ಲ. ಆ ಮಾತು ಮದುವೆಯಾದ ಹೆಣ್ಣಿಗೆ ಗಂಡನಿದ್ದರೂ ಒಪ್ಪುತ್ತದೆ, ಇಲ್ಲದಿದ್ದರೂ ಒಪ್ಪುತ್ತದೆ. 'ಸೌ||' ವಧುವಿಗೆ ಮಾತ್ರ ಮೀಸಲಾಗಿರಲಿ. ನಾನು ಪಟ್ಟಿಯಲ್ಲಿ ಅದನ್ನು ಒಂದೊಂದಾಗಿ ಹೊಡೆದುಹಾಕಿದೆ. ಅಮ್ಮನಿಗೆ ಸ್ವಲ್ಪ ಬೇಸರವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಇನ್ನು ಹೆಸರುಗಳ ಕ್ರಮ. ಅವಿಭಕ್ತ ಕುಟುಂಬದಲ್ಲಿ ಕ್ರಮಕ್ಕೆ ಆಧಾರ ತಲೆಮಾರು. ಒಂದು ತಲೆಮಾರಿನೊಳಗೆ ಹುಟ್ಟಿದ ಕ್ರಮ. ವಿದ್ಯೆ, ಸಂಬಳ, ಖರ್ಚು ಕೊಟ್ಟವರು ಯಾರು ಎಂಬುದು ಇಲ್ಲಿ ಬರಬಾರದು. ಗಂಡಹೆಂಡಿರು ಒಂದೇ ಸಾಲಿನಲ್ಲಿರಬೇಕು. ಸೊಸೆಯ ಸ್ಥಾನ ಅವಳ ವಯಸ್ಸಿನಿಂದಲ್ಲ, ಆ ಜೋಡಿಯ ಸ್ಥಾನದಿಂದ ಬರುತ್ತದೆ. ನಮ್ಮ ದೊಡ್ಡಮ್ಮ ನಮ್ಮಪ್ಪನಿಗಿಂತ ಎರಡು ವರ್ಷಕ್ಕೆ ಚಿಕ್ಕವರು. ಆದರೂ ಅಪ್ಪ ಅವರನ್ನು ಅತ್ತಿಗೆ ಎಂದು ಬಹುವಚನದಲ್ಲಿಯೇ ಮಾತಾಡಿಸುತ್ತಾರೆ. ಮಾತಿನಲ್ಲಿ ಕೊಡುವ ಆ ಹಿರಿತನವನ್ನು ಕಾಗದದಲ್ಲಿ ಕೊಡದಿರಲು ಕಾರಣವೇನು? ಜೋಡಿಯಲ್ಲಿ ಒಬ್ಬರು ಹೋದರೆ ಉಳಿದವರು ಆ ಸಾಲನ್ನು ಹಿಡಿದುಕೊಂಡಿರುತ್ತಾರೆ. ಸಾಲು ಖಾಲಿಯಾಗುವುದಿಲ್ಲ, ಕೆಳಗಿನವರು ಮೇಲಕ್ಕೆ ಸರಿಯುವುದೂ ಇಲ್ಲ. ಆದುದರಿಂದ ಅಜ್ಜಿಯ ಅನಂತರ ದೊಡ್ಡಮ್ಮ, ಆಮೇಲೆ ನಮ್ಮ ಅಪ್ಪ ಅಮ್ಮ, ಆಮೇಲೆ ಚಿಕ್ಕಪ್ಪ ಚಿಕ್ಕಮ್ಮ, ಕೊನೆಗೆ ಅಣ್ಣ. ಇದು ನನ್ನ ಪಟ್ಟಿ.

ಚಿಕ್ಕಪ್ಪ ಇದಕ್ಕೆ ಫೋನಿನಲ್ಲಿ ಒಂದು ಗಂಟೆ ವಾದಿಸಿದರು. ಮಂಟಪದ ದುಡ್ಡಿನ ಮಾತನ್ನು ಅವರು ಎತ್ತಲಿಲ್ಲ, ಅಷ್ಟು ಸಣ್ಣವರಲ್ಲ. ಅವರ ಭಯ ಬೇರೆ. ದೊಡ್ಡಮ್ಮನ ಹೆಸರು ಅಪ್ಪನಿಗಿಂತ ಮೇಲೆ ಬಂದರೆ ಊರವರು ತೋಟದ ಯಜಮಾನಿಕೆ ಯಾರಿಗೆ ಹೋಯಿತೆಂದು ಕೇಳುತ್ತಾರೆ. ನಾಳೆ ಭಾಗದ ಕಾಲಕ್ಕೆ ಈ ಕಾರ್ಡನ್ನು ತಂದು ತೋರಿಸುತ್ತಾರೆ. ಇಂಥ ಭಯ ನಗುವಂಥದ್ದಲ್ಲ. ಹಳ್ಳಿಯಲ್ಲಿ ಲಗ್ನಪತ್ರಿಕೆಯನ್ನು ಪಹಣಿಯಂತೆ ಓದುವವರಿದ್ದಾರೆ, ಒಬ್ಬ ತಮ್ಮನ ಹೆಸರು ಬಿಟ್ಟುಹೋದರೆ "ಬೇರೆ ಆದರೇನು?" ಎಂದು ಕೇಳಿಯೇ ಕೇಳುತ್ತಾರೆ. ಆದರೆ ಆಸ್ತಿಯ ಹಕ್ಕು ಕಾರ್ಡಿನಿಂದ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿಯಾದ ಮೇಲೆ ಮಗಳೂ ಮಗನಂತೆಯೇ ಹುಟ್ಟಿನಿಂದ ಪಿತ್ರಾರ್ಜಿತದಲ್ಲಿ ಸಹಭಾಗಿ. ಹಾಗೆ ನೋಡಿದರೆ, ಚಿಕ್ಕಪ್ಪ ಅಷ್ಟು ಹೆದರಬೇಕಾಗಿದ್ದದ್ದು ಕಾರ್ಡಿನ ಕೆಳಗಿನ ಹೆಸರಿಗಲ್ಲ, ನಡುವಿನ ಹೆಸರಿಗೆ. ಇದನ್ನು ಹೇಳಿದಾಗ ಅವರೇ ನಕ್ಕುಬಿಟ್ಟರು. ಕೊನೆಗೆ ತಮ್ಮ ಹೆಸರಿನ ಕೆಳಗೆ ಹುದ್ದೆಯನ್ನಾದರೂ ಹಾಕಿಸು ಎಂದರು. ಜಂಟಿ ಕಾರ್ಡಿನಲ್ಲಿ ಒಬ್ಬರಿಗೆ ಹುದ್ದೆ ಬರೆದರೆ ಉಳಿದವರಿಗೆ ಏನು ಬರೆಯುವುದು? ನಮ್ಮಪ್ಪನಿಗೆ 'ತೆಂಗು' ಎಂದೇ? ನನ್ನ ಮಾತು ನಡೆಯಲಿಲ್ಲ, ಹುದ್ದೆ ಅಚ್ಚಾಯಿತು.

ಹೊರಗೆ ಮದುವೆಯಾಗಿ ಹೋದ ಸೋದರತ್ತೆಯರ ಹೆಸರು ಹಾಕಬೇಕೇ ಎಂಬ ಪ್ರಶ್ನೆಯೂ ಬಂತು. ಈಚೆಗೆ ಹಾಕುವವರಿದ್ದಾರೆ; ಪಟ್ಟಿ ಇಪ್ಪತ್ತಕ್ಕೆ ಏರಿ, ಅಕ್ಷರ ಇರುವೆಯ ಸಾಲಿನಂತಾಗುತ್ತದೆ. ನನ್ನ ಅಳತೆಗೋಲು ಇಷ್ಟೇ: ಯಾರಿಗೆ ಅರಿಸಿನ ಹಚ್ಚಿದ ಕಾರ್ಡನ್ನು ಕೊಂಡುಹೋಗಿ ಕೊಟ್ಟು ಕರೆಯಬೇಕೋ ಅವರು ಅದೇ ಕಾರ್ಡಿನಲ್ಲಿ ಕರೆಯುವವರಾಗುವುದಿಲ್ಲ. ಅತ್ತೆಯ ಮನೆಗೆ ಕಾರ್ಡು ಹೋಗುತ್ತದೆ, ತಾಂಬೂಲ ಹೋಗುತ್ತದೆ. ಆ ಗೌರವ ಪಟ್ಟಿಯ ಹದಿನಾರನೆಯ ಹೆಸರಿಗಿಂತ ದೊಡ್ಡದು. ವಧುವಿನ ಸೋದರಮಾವನಿಗೂ ಇದೇ ಮಾತು. ಕರಾವಳಿಯ ಅಳಿಯಸಂತಾನದ ಮನೆಗಳ ಲೆಕ್ಕ ಬೇರೆ. ಅಲ್ಲಿ ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರಾದುದರಿಂದ ಸೋದರಮಾವನೇ ಮನೆಯ ಯಜಮಾನನಾಗಿರಬಹುದು, ಅವನು ಕರೆಯುವುದೇ ಸರಿ. ನಮ್ಮ ಬಯಲುಸೀಮೆಯ ಲೆಕ್ಕವನ್ನು ಅಲ್ಲಿಗೆ ಹೊರಿಸಲಾಗದು. ಮದುವೆಯಾಗದ ಮಕ್ಕಳ ಹೆಸರುಗಳನ್ನು ಬಿಡಿಬಿಡಿಯಾಗಿ ಹಾಕದೆ 'ಮತ್ತು ಮನೆಯ ಮಕ್ಕಳು' ಎಂದರೆ ಸಾಕು. ಅಣ್ಣನೂ ಆಗ ಮದುವೆಯಾಗದವನೇ. ಆದರೆ ಅವನು ವಧುವಿನ ಒಡಹುಟ್ಟಿದವನು, ಧಾರೆಯ ಹೊತ್ತಿಗೆ ದೊಡ್ಡಪ್ಪನ ಜಾಗದಲ್ಲಿ ನಿಲ್ಲಬೇಕಾದವನು. ಹೀಗಾಗಿ ಅವನ ಹೆಸರು ಉಳಿಯಿತು, ನಾನು 'ಮನೆಯ ಮಕ್ಕಳು' ಎಂಬುದರೊಳಗೆ ಸೇರಿಹೋದೆ. ಮುಂದೆ ನನ್ನ ಕಾರ್ಡೂ ಬೇರೆ ಮನೆಗಳಿಗೆ ಹೋಗುತ್ತದಾದ್ದರಿಂದ, ಒಂದು ಸಲ ಹೆಸರಿದ್ದರೆ ಚೆನ್ನಾಗಿತ್ತು ಎಂದು ಅನಿಸದೆ ಇರಲಿಲ್ಲ.

ಈಗ ಒಕ್ಕಣೆಗೆ ಬರುತ್ತೇನೆ. ಹಳೆಯ ಕಾರ್ಡುಗಳನ್ನು ಟ್ರಂಕಿನಿಂದ ತೆಗೆದು ಓದಿದಾಗ ಒಂದು ವಿಷಯ ನನ್ನನ್ನು ಬೆರಗುಗೊಳಿಸಿತು. ಅವೆಲ್ಲ 'ಆಶೀರ್ವದಿಸಬೇಕೆಂದು ಕೋರುವ' ಎಂದು ಮುಗಿಯುತ್ತವೆ, ಆಮೇಲೆ ಸಹಿ. ಈಗಿನ ಹಲವು ಕಾರ್ಡುಗಳು 'ಕೋರುತ್ತೇನೆ' ಎಂದೋ 'ಕೋರುತ್ತೇವೆ' ಎಂದೋ ಮುಗಿಯುತ್ತವೆ. ವ್ಯತ್ಯಾಸ ಸಣ್ಣದೆಂದು ಕಾಣಬಹುದು. 'ಕೋರುತ್ತೇನೆ' ಎಂದರೆ ಒಬ್ಬರೇ ಇರಬೇಕು, 'ಕೋರುತ್ತೇವೆ' ಎಂದರೆ ಹಲವರಿರಬೇಕು. 'ಕೋರುವ' ಎಂಬ ಕೃದಂತಕ್ಕೆ ಲಿಂಗವಿಲ್ಲ, ವಚನವಿಲ್ಲ, ನಾನು ನೀನು ಎಂಬ ಭೇದವಿಲ್ಲ. ಅದರ ಕೆಳಗೆ ಒಬ್ಬ ಮುದುಕಿಯ ಹೆಸರು ಬಂದರೂ ಸರಿ, ಹತ್ತು ಜನರ ಹೆಸರು ಬಂದರೂ ಸರಿ, ವಾಕ್ಯ ಕೆಡುವುದಿಲ್ಲ. ಒಂದು ಮನೆಯಲ್ಲಿ ಹತ್ತು ಜನ ಇದ್ದ ಕಾಲದವರಿಗೆ ಈ ರೂಪದ ಬೆಲೆ ಗೊತ್ತಿತ್ತೆಂದು ತೋರುತ್ತದೆ. ಅದರ ಮುಂದೆ 'ತಮ್ಮ ವಿಶ್ವಾಸಿ' ಎಂದು ಬರೆಯುವಾಗ ಮಾತ್ರ ಎಚ್ಚರ ಬೇಕು. ಒಬ್ಬರಾದರೆ 'ವಿಶ್ವಾಸಿ', ಹಲವರಾದರೆ 'ವಿಶ್ವಾಸಿಗಳು'.

ಅಂತೂ ಮೂರನೆಯ ಕರಡು ಸಿದ್ಧವಾಯಿತು. ಕರೆಯುವವರು ಅಜ್ಜಿ. ದೇವರ ಹೆಸರು, ಸಂವತ್ಸರ, ತಿಥಿ, ಲಗ್ನಗಳು ಮೇಲೆ; ಆಮೇಲೆ ಹೀಗೆ: 'ನನ್ನ ಮೊಮ್ಮಗಳೂ, ನನ್ನ ಹಿರಿಯ ಮಗನಾದ ದಿವಂಗತ' ಎಂದು ದೊಡ್ಡಪ್ಪನ ಹೆಸರು, 'ಮತ್ತು ಶ್ರೀಮತಿ' ಎಂದು ದೊಡ್ಡಮ್ಮನ ಹೆಸರು, 'ಇವರ ಪುತ್ರಿಯೂ ಆದ ಚಿ|| ಸೌ||' ಎಂದು ಅಕ್ಕನ ಹೆಸರು. ವರನ ಪರಿಚಯ. 'ಇವರ ವಿವಾಹವನ್ನು ನಡೆಸಲು ಗುರುಹಿರಿಯರು ನಿಶ್ಚಯಿಸಿರುವುದರಿಂದ, ತಾವು ಸಕುಟುಂಬ ಸಮೇತರಾಗಿ ಬಂದು ವಧೂವರರನ್ನು ಆಶೀರ್ವದಿಸಬೇಕೆಂದು ಕೋರುವ, ತಮ್ಮ ವಿಶ್ವಾಸಿ' ಎಂದು ಬರೆದು, ಅಜ್ಜಿಯ ಹೆಸರು ಒಂದೇ. ಅದರ ಕೆಳಗೆ ಸ್ವಲ್ಪ ಜಾಗ ಬಿಟ್ಟು 'ಸುಖಾಗಮನಾಭಿಲಾಷಿಗಳು'; ಅಲ್ಲಿ ಮೊದಲ ಹೆಸರು ದೊಡ್ಡಮ್ಮನದು.

ದೊಡ್ಡಮ್ಮನೇ ಏಕೆ ಸಹಿ ಮಾಡಬಾರದಾಗಿತ್ತು, ತಾಯಿಯಲ್ಲವೇ, ಎಂದು ವಾಚಕರು ಕೇಳಬಹುದು. ಅವರು ಬೇರೆ ಮನೆ ಮಾಡಿದ್ದರೆ ಅವರದೇ ಸಹಿ. ಅದರಲ್ಲಿ ನನಗೆ ಸಂದೇಹವಿಲ್ಲ. ಅತ್ತೆ ಬದುಕಿದ್ದು, ಒಂದೇ ಒಲೆ ಉರಿಯುತ್ತಿರುವಾಗ ಹಿರಿಯ ತಲೆಮಾರೇ ಕರೆಯುವುದು ಸರಿ. ಅದೂ ಅಲ್ಲದೆ, ಅಪ್ಪ ಚಿಕ್ಕಪ್ಪ ಇಬ್ಬರೂ ಅಜ್ಜಿಯ ಮಾತಿನ ಕೆಳಗೆ ನಿಲ್ಲಲು ಹಿಂಜರಿಯಲಿಲ್ಲ. ಒಬ್ಬರ ಕೆಳಗೆ ಒಬ್ಬರು ನಿಲ್ಲಲು ಹಿಂಜರಿಯುತ್ತಿದ್ದರು. ಅಜ್ಜಿ ಇಲ್ಲದ ಮನೆಯಾಗಿ, ಸಮಾನರೇ ಹಲವರು ಕರೆಯಬೇಕಾಗಿದ್ದರೆ 'ನಮ್ಮ ಮನೆಯ ಮಗಳಾದ' ಎಂದು ಆರಂಭಿಸುತ್ತಿದ್ದೆ. ಆ ಮಾತನ್ನು ತಾಯಿಯೂ ಹೇಳಬಹುದು, ಚಿಕ್ಕಪ್ಪನೂ ಹೇಳಬಹುದು, ತಮ್ಮನೂ ಹೇಳಬಹುದು. ಯಾರ ಬಾಯಲ್ಲಿಯೂ ಸುಳ್ಳಾಗುವುದಿಲ್ಲ. ಸಂಕ್ರಾಂತಿಗೋ ದೀಪಾವಳಿಗೋ ಮನೆಯ ಪರವಾಗಿ ಕಳುಹಿಸುವ ಶುಭಾಶಯಕ್ಕೂ ನಾನು 'ನಮ್ಮ ಮನೆಯವರೆಲ್ಲರ' ಎಂದೇ ಬರೆಯುತ್ತೇನೆ. ಅಲ್ಲಿ ಹೆಸರುಗಳ ಪಟ್ಟಿ ಬೇಡ, ಮನೆಯ ಹೆಸರೂ ಊರಿನ ಹೆಸರೂ ಸಾಕು.

ಕರಡನ್ನು ಅಜ್ಜಿಗೆ ಓದಿ ಹೇಳಿದೆ. ಅವರಿಗೆ ಅಕ್ಷರ ಬಾರದು, ಬ್ಯಾಂಕಿನಲ್ಲಿ ಹೆಬ್ಬೆಟ್ಟು. 'ನನ್ನ ಹಿರಿಯ ಮಗನಾದ' ಎಂಬಲ್ಲಿಗೆ ಬಂದಾಗ ಕೈಸನ್ನೆ ಮಾಡಿ ನಿಲ್ಲಿಸಿದರು. ಸ್ವಲ್ಪ ಹೊತ್ತಾದ ಮೇಲೆ "ಸರಿಯಾಗದೆ, ಮುಂದಕ್ಕೆ ಓದು" ಎಂದರು. ದೊಡ್ಡಮ್ಮ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಬೇಡವೆಂದೂ ಇನ್ನೊಮ್ಮೆ ಹೇಳಲಿಲ್ಲ.

ಎಲ್ಲವೂ ನಾನೆಂದಂತೆ ಆಯಿತೆಂದು ತಿಳಿಯಬೇಡಿ. ಬೀಗರು ತಮ್ಮ ಕಡೆಯ ಕಾರ್ಡನ್ನು ತಾವೇ ಅಚ್ಚು ಹಾಕಿಸಿದ್ದರು. ಅದರಲ್ಲಿ ಅಕ್ಕ ಕೇವಲ ದಿವಂಗತ ದೊಡ್ಡಪ್ಪನ ಪುತ್ರಿ, ತಾಯಿಯ ಹೆಸರಿಲ್ಲ. ನಾವು ಮೊದಲೇ ನಮ್ಮ ಪರಿಚಯದ ಸಾಲನ್ನು ಬರೆದು ಕಳುಹಿಸಬೇಕಾಗಿತ್ತು. ಎರಡು ಮನೆಯವರು ಬೇರೆ ಬೇರೆ ಅಚ್ಚು ಹಾಕಿಸುವಾಗ ಈ ಒಂದು ಸಾಲನ್ನು ಬದಲಾಯಿಸಿಕೊಳ್ಳುವುದು ಅಗತ್ಯವೆಂದು ತಡವಾಗಿ ತಿಳಿಯಿತು. ಮದುವೆಯ ನೋಂದಣಿಗೆ ಅರ್ಜಿಯೊಡನೆ ಲಗ್ನಪತ್ರಿಕೆಯನ್ನೂ ಇಟ್ಟಾಗ ಅಕ್ಕ ನಮ್ಮ ಕಡೆಯದನ್ನೇ ಇಟ್ಟಳು. ವಧೂವರರ ಹೆಸರಿನ ಕಾಗುಣಿತ ಅವರ ದಾಖಲೆಗಳಲ್ಲಿರುವಂತೆಯೇ ಕಾರ್ಡಿನಲ್ಲೂ ಇರಬೇಕೆಂಬ ಬುದ್ಧಿ ಮಾತ್ರ ನನಗೆ ಮೊದಲೇ ಹೊಳೆದಿತ್ತು. ಮನೆಯಲ್ಲಿ ಕರೆಯುವ ಹೆಸರನ್ನು ಅಚ್ಚು ಹಾಕಿಸಲು ಅಪ್ಪ ಹೊರಟಿದ್ದರು.

2024ರ ಕಾರ್ತಿಕದಲ್ಲಿ ಅಜ್ಜಿ ತೀರಿಕೊಂಡರು. ಹನ್ನೊಂದನೆಯ ದಿನದ ತಿಥಿ ಕಾರ್ಡನ್ನು ಬರೆಯುವ ಕೆಲಸವೂ ನನ್ನದೇ ಆಯಿತು. ಕ್ರಿಯೆ ಮಾಡುವ ಮಕ್ಕಳ ಹೆಸರಿಗಿಂತ ಮೊದಲು, ಹಿರಿಯ ಸೊಸೆಯೆಂದು ದೊಡ್ಡಮ್ಮನ ಹೆಸರನ್ನು ಬರೆದು ಕೊಟ್ಟೆ. ಯಾರೂ ತುಟಿಪಿಟಕ್ಕೆನ್ನಲಿಲ್ಲ. ಸಾವಿನ ಕಾಗದದಲ್ಲಿ ಆ ಹೆಸರು ಎಷ್ಟು ಮೇಲಿದ್ದರೂ ಯಾರಿಗೂ ತೊಂದರೆಯಿಲ್ಲ. ನನಗೆ ಸಿಟ್ಟು ಬಂದದ್ದು ಆಗಲೇ, ಮದುವೆಯ ಕಾಲದಲ್ಲಲ್ಲ.

ಈಗ ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ. ಮುಂದಿನ ತಿಂಗಳು ನಮ್ಮ ಮನೆಯಲ್ಲಿಯೇ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಸಣ್ಣ ಕಾರ್ಡು, ನೂರೈವತ್ತು ಪ್ರತಿ ಸಾಕೆಂದಿದ್ದಾರೆ. ಹಿರಿಯ ತಲೆಮಾರಿನಲ್ಲಿ ಈಗ ಮೊದಲ ಸಾಲು ದೊಡ್ಡಮ್ಮನದು. 'ನನ್ನ ಮಗಳ ಮಗುವನ್ನು ತೊಟ್ಟಿಲಿಗೆ ಹಾಕುವ ಸಮಾರಂಭಕ್ಕೆ ತಾವು ಸಕುಟುಂಬರಾಗಿ ಬಂದು ಮಗುವನ್ನು ಹರಸಬೇಕೆಂದು ಕೋರುವ, ತಮ್ಮ ವಿಶ್ವಾಸಿ' ಎಂದು ಬರೆದು, ಕೆಳಗೆ ಅವರ ಹೆಸರನ್ನಿಟ್ಟು ನಿನ್ನೆ ರಾತ್ರಿ ಓದಿ ಹೇಳಿದೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಕಾಗದವನ್ನು ಕೈಗೆ ತೆಗೆದುಕೊಂಡರು. ತಮ್ಮ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆಯೆಂದು ತೋರಿಸಿಕೊಟ್ಟರು. ತಿದ್ದಿದ್ದೇನೆ, ನಾಳೆ ಅಚ್ಚಿಗೆ ಹೋಗುತ್ತದೆ.